ಸಾಗರದಿಂದ ಸ್ಟುಟ್‌ಗಾರ್ಟ್‌ಗೆ ಮಿಡಿ ಉಪ್ಪಿನಕಾಯಿ, ಜೊತೆಗೊಂದು ಭರಣಿ: ಹೇಗೆ ಪ್ಯಾಕ್ ಮಾಡಿಸಲಿ?

ಸಾಗರದವಳು, ಸ್ಟುಟ್‌ಗಾರ್ಟ್
ಎಲ್ಲರಿಗೂ ನಮಸ್ಕಾರ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸ್ತೀನಿ ಅಂತಿದ್ದಾರೆ. ಹೋದ ಸಲ ಗಾಜಿನ ಬಾಟಲಿ ಒಡೆದು, ಜೊತೆಗಿದ್ದ ಮಗಳ ಕನ್ನಡ ಕಥೆ ಪುಸ್ತಕಗಳೆಲ್ಲ ಎಣ್ಣೆ ಕುಡಿದು ಬಂದವು. ಈ ಸಲ ಅಜ್ಜಿಯ ಪಿಂಗಾಣಿ ಭರಣಿಯನ್ನೂ ಕಳಿಸಬೇಕಂತೆ. ಮಗಳು ಮೊಸರನ್ನ ತಿನ್ನೋದೇ ಈ ಮಿಡಿ ಇದ್ದರೆ. ಗೊತ್ತಿದ್ದವರು ಹೇಳ್ತೀರಾ?

ಡಲ್ಲಾಸ್ ಅಂಕಲ್
ಒಂದೇ ಮಾತು, ದೊಡ್ಡದಾಗಿ ‘ಒಡೆಯುವ ವಸ್ತು’ ಅಂತ ಬರೆಸಿ. ನಾವು ಯಾವಾಗಲೂ ಹಾಗೇ ಮಾಡೋದು.

ಶಿರಸಿಯವರು, ಮ್ಯೂನಿಕ್
ಅಂಕಲ್, ಬೆಲ್ಟ್ ಮೇಲೆ ಉರುಳುವ ಪೆಟ್ಟಿಗೆಯ ಚೀಟಿಯನ್ನು ಯಾರೂ ಓದೋದಿಲ್ಲ. ಪೆಟ್ಟಿಗೆ ಮೂಲೆ ಮೇಲೆ ಬೀಳುತ್ತೆ, ತಲೆಕೆಳಗಾಗುತ್ತೆ ಅಂತ ಅಂದುಕೊಂಡೇ ಪ್ಯಾಕ್ ಮಾಡಬೇಕು.

ತಂಗಿ, ಮೊದಲು ಗಾಜು ಬಿಡಿ. ದಪ್ಪ ಪ್ಲಾಸ್ಟಿಕ್ ಡಬ್ಬಿ ಸಾಕು. ಒಡೆಯದಿದ್ದರೂ ಸೋರುತ್ತಲ್ಲ, ಅದಕ್ಕೆ ಕಾರಣ ಬೇರೆ. ವಿಮಾನ ಮೇಲೇರಿದಾಗ ಸುತ್ತಲಿನ ಒತ್ತಡ ಕಮ್ಮಿಯಾಗಿ ಡಬ್ಬಿಯೊಳಗಿನ ಗಾಳಿ ಹಿಗ್ಗುತ್ತೆ, ಮುಚ್ಚಳದ ಸಂದಿಯಿಂದ ಎಣ್ಣೆಯನ್ನು ಹೊರಗೆ ತಳ್ಳುತ್ತೆ. ಹಾಗಾಗಿ ಮೇಲೆ ಖಾಲಿ ಜಾಗ ಜಾಸ್ತಿ ಬಿಡಬಾರದು. ಹೊಸದಾಗಿ ಕಲಸಿದ್ದು ಬೇಡವೇ ಬೇಡ. ಮುಚ್ಚಳ ತೆಗೆದಾಗ ಪುಸ್ ಅಂದರೆ, ರಸದಲ್ಲಿ ಗುಳ್ಳೆ ಏಳ್ತಿದ್ದರೆ ಅದಿನ್ನೂ ಹುಳಿಯುತ್ತಿದೆ. ಅದು ನಿಲ್ಲೋವರೆಗೆ ಕಾಯಬೇಕು.

ಆದರೆ ನಮ್ಮ ಮನೆಯಲ್ಲಿ ಈಗ ಉಪ್ಪಿನಕಾಯಿ ಕಳಿಸೋದೇ ಇಲ್ಲ. ಉಪ್ಪಿನಲ್ಲಿ ಹಾಕಿ ಚೆನ್ನಾಗಿ ಮುರುಟಿದ ಮಿಡಿಯನ್ನು ರಸ ಬಸಿದು, ಗಾಳಿ ತೆಗೆದು ಸೀಲ್ ಮಾಡುವ ಚೀಲಕ್ಕೆ ಹಾಕಿಸ್ತೀವಿ. ಅದರ ಮೇಲೆ ಇನ್ನೊಂದು ಚೀಲ. ಸಾಸಿವೆ, ಮೆಣಸಿನ ಪುಡಿ ಬೇರೆ ಪೊಟ್ಟಣ. ಇಲ್ಲಿ ಉಪ್ಪುನೀರು ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಮಸಾಲೆ ರುಬ್ಬಿ ಕಲಸೋದು. ಒಡೆಯೋದಕ್ಕೂ ಇಲ್ಲ, ಸೋರೋದಕ್ಕೂ ಇಲ್ಲ.

ಲಂಡನ್ ಮಾವ
ಕ್ಷಮಿಸಿ, ನೇರವಾಗಿ ಹೇಳ್ತೀನಿ. ಮಕ್ಕಳಿಗೆ ಈ ಊರಿನ ಊಟ ಅಭ್ಯಾಸ ಮಾಡಿಸಿ. ಎಷ್ಟು ದಿನ ಅಂತ ಊರಿಂದ ತರಿಸ್ತೀರಿ? ವಯಸ್ಸಾದ ತಾಯಿಯನ್ನು ಕೊರಿಯರ್ ಅಂಗಡಿಗೆ ಓಡಾಡಿಸೋದು ಸರೀನಾ? ನನ್ನ ಇಬ್ಬರು ಮಕ್ಕಳೂ ಉಪ್ಪಿನಕಾಯಿ ಮುಟ್ಟದೇ ಬೆಳೆದರು, ಇಬ್ಬರೂ ಡಾಕ್ಟರ್.

ಮಂಡ್ಯದವರು, ಸಿಡ್ನಿ
ಡಾಕ್ಟರ್ ಆಗೋದಕ್ಕೂ ಉಪ್ಪಿನಕಾಯಿಗೂ ಏನು ಸಂಬಂಧ ಸಾರ್? ನಾಲಿಗೆ ಮರೆತ ಮಕ್ಕಳು ಭಾಷೆನೂ ಮರೀತಾರೆ. ನಮ್ಮ ಮಗ ಕನ್ನಡ ಓದ್ತಾನೆ, ಬರೀತಾನೆ.

ಲಂಡನ್ ಮಾವ
ಭಾಷೆ ಬೇರೆ, ಎಣ್ಣೆ ಬಾಟಲಿ ಬೇರೆ. ಇಷ್ಟಕ್ಕೂ ಯುರೋಪಿನ ಅಂಗಡಿಗಳಲ್ಲಿ ಸಿಗದ ಉಪ್ಪಿನಕಾಯಿ ಯಾವುದಿದೆ?

ಧಾರವಾಡದವರು, ಟೊರೊಂಟೊ
ಅಪ್ಪೆಮಿಡಿ ಸಿಗಂಗಿಲ್ರಿ. ನಮ್ಮವ್ವ ಇದ್ದಾಗ ‘ಯಾಕ ಕಳಸ್ತಿ, ಸುಮ್ನಿರು’ ಅಂತಿದ್ದೆ. ಈಗ ಕಳಸವ್ರು ಯಾರೂ ಇಲ್ಲ. ತರಿಸ್ಕೋ ತಂಗಿ.

ಸಾಗರದವಳು, ಸ್ಟುಟ್‌ಗಾರ್ಟ್
ಮಾವ, ಅಮ್ಮನನ್ನು ಓಡಾಡಿಸ್ತಿಲ್ಲ, ತಮ್ಮನೇ ಹೋಗ್ತಾನೆ. ಭರಣಿ ಬಗ್ಗೆ ಯಾರಾದರೂ ಹೇಳಿ. ಅದರಲ್ಲೇ ಉಪ್ಪಿನಕಾಯಿ ತುಂಬಿಸಿ ಕಳಿಸಬಹುದಾ?

ಶಿರಸಿಯವರು, ಮ್ಯೂನಿಕ್
ಖಂಡಿತ ಬೇಡ. ಒಳಗಿನ ಭಾರವೇ ಅದನ್ನು ಒಡೆಯುತ್ತೆ. ಮೊದಲು ಖಾಲಿ ಭರಣಿಯನ್ನು ಬೆರಳ ಗೆಣ್ಣಿನಿಂದ ತಟ್ಟಿಸಿ ನೋಡಿ. ಠಣ್ ಅಂದರೆ ಸರಿ. ಮಂಕಾದ ಸದ್ದು ಬಂದರೆ ಎಲ್ಲೋ ಸೀಳಿದೆ, ಕಳಿಸಬೇಡಿ.

ಮುಚ್ಚಳ, ಭರಣಿ ಎರಡನ್ನೂ ಬೇರೆ ಬೇರೆಯಾಗಿ ಬಬಲ್ ರ್ಯಾಪ್‌ನಲ್ಲಿ ಸುತ್ತಬೇಕು. ಬಾಯಿ ಅಂಚಿಗೂ ತಳಕ್ಕೂ ಎರಡು ಸುತ್ತು ಜಾಸ್ತಿ. ಅದನ್ನು ಸಣ್ಣ ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂರಿಸಿ, ಆ ಪೆಟ್ಟಿಗೆಯನ್ನು ಐದು ಪದರದ ರಟ್ಟಿನ ದೊಡ್ಡ ಪೆಟ್ಟಿಗೆಯೊಳಗೆ ಇಡಬೇಕು. ತಳ, ಮೇಲ್ಗಡೆ ಸೇರಿ ಆರೂ ಕಡೆ 5 ಸೆಂಟಿಮೀಟರ್ ಜಾಗ, ಅದರ ತುಂಬ ಉಂಡೆ ಮಾಡಿದ ಪೇಪರ್ ಒತ್ತಿ ತುಂಬಬೇಕು. ಮುಚ್ಚಿ ಅಲ್ಲಾಡಿಸಿ. ಒಳಗೆ ಏನಾದರೂ ಸರಿದಾಡಿದರೆ ಬಿಚ್ಚಿ ಇನ್ನಷ್ಟು ತುಂಬಿ.

ಒಂದು ತೊಂದರೆ ಇದೆ. ಕೊರಿಯರ್‌ನವರು ಪೆಟ್ಟಿಗೆಯ ಗಾತ್ರಕ್ಕೂ ದುಡ್ಡು ಹಾಕ್ತಾರೆ. ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. 35, 30, 30ರ ಪೆಟ್ಟಿಗೆ 6.3 ಕಿಲೋ ಆಯ್ತು, ಭರಣಿ ಎರಡೇ ಕಿಲೋ ತೂಗಿದರೂ. ಊರಿಗೆ ಹೋಗಿ ಬರುವವರು ಯಾರಾದರೂ ಖಾಲಿ ಭರಣಿಯನ್ನು ಕೈಚೀಲದಲ್ಲೇ ತಂದರೆ ಅದೇ ಒಳ್ಳೇದು.

ಲಂಡನ್ ಮಾವ
ನೋಡಿದ್ರಾ, ಎಷ್ಟು ಖರ್ಚು! ನಾನು ಹೇಳಿದ್ದೇ ಅದು.

ಮಂಡ್ಯದವರು, ಸಿಡ್ನಿ
ದುಡ್ಡು ಅವರದು, ಅಜ್ಜಿ ಭರಣಿ ಅವರದು. ನಿಮಗ್ಯಾಕೆ?

ಸಾಗರದವಳು, ಸ್ಟುಟ್‌ಗಾರ್ಟ್
ಭರಣಿ ಡಿಸೆಂಬರ್‌ನಲ್ಲಿ ನಮ್ಮವರೇ ತರ್ತಾರೆ. ಮಿಡಿ ಚೀಲದಲ್ಲಿ ಕಳಿಸಿ ಅಂತ ಅಮ್ಮನಿಗೆ ಹೇಳಿದೆ. ಅದೇ ಪೆಟ್ಟಿಗೆಯಲ್ಲಿ ತುಪ್ಪ, ಪೇಡ ಹಾಕ್ತೀನಿ ಅಂತಿದ್ದಾರೆ.

ಶಿರಸಿಯವರು, ಮ್ಯೂನಿಕ್
ತಡೀರಿ, ತಡೀರಿ! ಭಾರತದಿಂದ ಬರುವ ಪಾರ್ಸೆಲ್‌ನಲ್ಲಿ ಹಾಲಿನ ಪದಾರ್ಥ ಇಲ್ಲಿಗೆ ನಿಷೇಧ. ಸಿಕ್ಕಿಬಿದ್ದರೆ ಕಸ್ಟಮ್ಸ್‌ನಲ್ಲೇ ಹೋಗುತ್ತೆ. ಒಳಗಿರೋದನ್ನೆಲ್ಲ ಒಂದೊಂದಾಗಿ ಇಂಗ್ಲಿಷಲ್ಲಿ ಬರೆಸಿ. ಉಡುಗೊರೆ ಅಂತ ಬರುವುದಕ್ಕೆ ಸುಂಕ ಬೀಳದಿರಲು ಬೆಲೆ 45 ಯೂರೋ ದಾಟಬಾರದು. ತಮ್ಮನಿಗೆ ಇವತ್ತೇ ಫೋನ್ ಮಾಡಿ ತುಪ್ಪ, ಪೇಡ ಎರಡನ್ನೂ ತೆಗೆಸಿ.