ರದ್ದಾದ ಪಿಟಿ ನೋಂದಣಿ, ಹಿಂದಿನ ಮೂರು ವರ್ಷದ ಬಾಕಿಗೆ ನೋಟಿಸ್: ಉತ್ತರ ಹೇಗೆ ಬರೆಯುವುದು?

ಲೇತ್_ಹುಬ್ಬಳ್ಳಿ

ನಮಸ್ಕಾರ ಎಲ್ಲರಿಗೂ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಮೊದಲು ಅಪ್ಪ ನೋಡಿಕೊಳ್ಳುತ್ತಿದ್ದರು, 2023ರಿಂದ ನಾನು ನೋಡುತ್ತಿದ್ದೇನೆ. ಕಳೆದ ವಾರ ವೃತ್ತಿ ತೆರಿಗೆ, ಅಂದರೆ ಪಿಟಿ ಕಚೇರಿಯಿಂದ ನೋಟಿಸ್ ಬಂತು. 2020ರಿಂದ ರಿಟರ್ನ್ ಸಲ್ಲಿಸಿಲ್ಲ, ನಿಮ್ಮ ನೋಂದಣಿ ರದ್ದಾಗಿದೆ ಎಂದು ಬರೆದಿದ್ದಾರೆ. 2020-21, 2021-22, 2022-23ಕ್ಕೆ 14 ಜನರ ಲೆಕ್ಕ ಹಿಡಿದು 1,00,800 ರೂಪಾಯಿ ತೆರಿಗೆ ಕೇಳಿದ್ದಾರೆ. ಅದರ ಮೇಲೆ ಬಡ್ಡಿ. ಜೊತೆಗೆ ಶೇ 50 ದಂಡ ಯಾಕೆ ಹಾಕಬಾರದು ಎಂದು ಕಾರಣ ಕೇಳಿದ್ದಾರೆ. ಉತ್ತರ ಕೊಡಲು ಸೆಪ್ಟೆಂಬರ್ 15, 2025 ಕೊನೆಯ ದಿನ.

ಆ ವರ್ಷಗಳಲ್ಲಿ ಯಾರ ಸಂಬಳದಿಂದಲೂ ಪಿಟಿ ಹಿಡಿದಿಲ್ಲ. ಹಿಡಿಯದೇ ಇದ್ದ ತೆರಿಗೆಯನ್ನು ನಾವು ಕಟ್ಟಬೇಕಾ? ನಮ್ಮಲ್ಲಿ ತಿಂಗಳ ಸಂಬಳ ಪಿಟಿಯ ಆಗಿನ ಮಿತಿ 15,000 ದಾಟಿದವರು ಇಬ್ಬರೋ ಮೂವರೋ ಇದ್ದರು, ಅಷ್ಟೇ. 14 ಎಲ್ಲಿಂದ ಬಂತು ಅಂತಲೇ ಗೊತ್ತಾಗುತ್ತಿಲ್ಲ.

ಶೆಟ್ರ_ಅಂಗಡಿ

ಗಾಬರಿ ಬೇಡ ಸರ್. ನಾನು ಪ್ರತಿ ವರ್ಷ ಏಪ್ರಿಲ್‌ನಲ್ಲಿ 2,500 ಕಟ್ಟುತ್ತೇನೆ. ಅದು ಕಟ್ಟಿದರೆ ಪಿಟಿ ಮುಗೀತು, ನನಗೆ ಯಾವತ್ತೂ ನೋಟಿಸ್ ಬಂದಿಲ್ಲ. ನೀವೂ ಆ ಚಲನ್ ಹುಡುಕಿ ಕಳಿಸಿ.

ಪೇರೋಲ್_ಮೀನಾಕ್ಷಿ

ಶೆಟ್ರೇ, ನೀವು ಕಟ್ಟುತ್ತಿರುವುದು ಇಸಿ. ಅದು ವ್ಯಾಪಾರ ಮಾಡುವ ನಿಮ್ಮ ಸ್ವಂತ ತೆರಿಗೆ. ನೌಕರರ ಸಂಬಳದಿಂದ ಹಿಡಿದು ಕಟ್ಟುವುದಕ್ಕೆ ಬೇರೆ ನೋಂದಣಿ ಬೇಕು, ಅದು ಆರ್‌ಸಿ. ನಿಮ್ಮ ಅಂಗಡಿಯಲ್ಲಿ ಮಿತಿ ದಾಟಿದ ನೌಕರರು ಯಾರೂ ಇಲ್ಲದಿದ್ದರೆ ಬರೀ ಇಸಿ ಸಾಕು. ಇವರದು ಆರ್‌ಸಿ ವಿಷಯ. ಇಸಿ ಚಲನ್ ಲಗತ್ತಿಸಿದರೆ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ.

ಹುಬ್ಬಳ್ಳಿ ಸರ್, ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ. 1976ರ ಕಾಯ್ದೆಯ ಪ್ರಕಾರ ಸಂಬಳದಿಂದ ಹಿಡಿದಿರಲಿ, ಬಿಡಲಿ, ನೌಕರರ ಪರವಾಗಿ ತೆರಿಗೆ ಕಟ್ಟುವ ಹೊಣೆ ಮಾಲೀಕರದೇ. "ನಾವು ಹಿಡಿದಿಲ್ಲ" ಎಂದು ಉತ್ತರದಲ್ಲಿ ಬರೆದರೆ ಅದು ಸಮರ್ಥನೆ ಆಗುವುದಿಲ್ಲ, ಒಪ್ಪಿಕೊಂಡ ಹಾಗೆ ಆಗುತ್ತದೆ.

ಆದರೆ ಆ 14 ಜನರ ಲೆಕ್ಕ ಪ್ರಶ್ನೆ ಮಾಡುವಂಥದ್ದೇ. ಆಗ ನಿಮ್ಮ ಪಿಎಫ್ ಪಟ್ಟಿಯಲ್ಲಿ ಎಷ್ಟು ಜನ ಇದ್ದರು?

ಲೇತ್_ಹುಬ್ಬಳ್ಳಿ

ಈಗ ನೋಡಿದೆ ಮೇಡಂ. ಸರಿಯಾಗಿ 14. ಹೆಲ್ಪರ್‌ಗಳೂ ಸೇರಿ.

ಪೇರೋಲ್_ಮೀನಾಕ್ಷಿ

ಹಾಗಾದರೆ ಅದೇ ಪಟ್ಟಿ ಇರಬೇಕು. 14 ಜನ, ತಿಂಗಳಿಗೆ 200, 36 ತಿಂಗಳು: 1,00,800. ಎಲ್ಲರೂ ಮಿತಿ ದಾಟಿದ್ದರು, ಎಲ್ಲರೂ ಮೂರೂ ವರ್ಷ ಪೂರ್ತಿ ಇದ್ದರು ಎಂದು ಅಂದಾಜು ಮಾಡಿದ್ದಾರೆ. ರಿಟರ್ನ್ ಇಲ್ಲದಾಗ ತನ್ನ ತಿಳಿವಳಿಕೆಗೆ ಬಂದಷ್ಟು ನಿಗದಿ ಮಾಡುವ ಅಧಿಕಾರ ಅಧಿಕಾರಿಗೆ ಇದೆ. ನೀವು ಉತ್ತರ ಕೊಡದೇ ಸುಮ್ನೆ ಇದ್ದರೆ ಇದೇ ಅಂದಾಜು ಆದೇಶ ಆಗುತ್ತದೆ, ಆಮೇಲೆ ಭೂಕಂದಾಯದ ಬಾಕಿಯ ಹಾಗೆ ವಸೂಲಿಗೆ ಬರುತ್ತದೆ. ಅಂದಾಜನ್ನು ಇಳಿಸುವುದು ತಿಂಗಳವಾರು ಪಟ್ಟಿ ಮಾತ್ರ. ಪ್ರತಿ ತಿಂಗಳು ಯಾರು ಯಾರು 15,000 ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡರು ಎಂದು ಸಂಬಳದ ರಿಜಿಸ್ಟರ್ ನೋಡಿ ಬರೆಯಿರಿ.

ಆ ಮೂರು ವರ್ಷಕ್ಕೆ 15,000ದ ಮಿತಿಯೇ ಹಿಡಿಯಬೇಕು. 25,000 ಆದದ್ದು 2023ರ ಏಪ್ರಿಲ್‌ನಿಂದ. ಈಗಿನ ಮಿತಿಯನ್ನು ಹಳೆಯ ವರ್ಷಕ್ಕೆ ಹಾಕಿ "ನಮ್ಮಲ್ಲಿ ಯಾರೂ ಇಲ್ಲ" ಎಂದು ಉತ್ತರ ಬರೆದವರನ್ನು ನೋಡಿದ್ದೇನೆ. ಆ ಒಂದು ಸಾಲಿಗೆ ಉಳಿದ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ.

ಲೇತ್_ಹುಬ್ಬಳ್ಳಿ

ಪಟ್ಟಿ ಮಾಡಿದೆ. 2020ರ ಏಪ್ರಿಲ್, ಮೇ ಲಾಕ್‌ಡೌನ್‌ನಲ್ಲಿ ಅರ್ಧ ಸಂಬಳ, ಯಾರೂ ಇಲ್ಲ. ಜೂನ್‌ನಿಂದ 3 ಜನ. 2021-22ರಲ್ಲಿ 2 ಜನ. 2022-23ರಲ್ಲಿ 4 ಜನ.

ಪೇರೋಲ್_ಮೀನಾಕ್ಷಿ

2020-21ರಲ್ಲಿ 3 ಇದ್ದವರು ಮುಂದಿನ ವರ್ಷ 2 ಹೇಗಾದರು? ಕೆಲಸ ಬಿಟ್ಟರಾ?

ಲೇತ್_ಹುಬ್ಬಳ್ಳಿ

ಇಲ್ಲ. 2021ರಲ್ಲಿ ಸಂಬಳವನ್ನು ಬೇಸಿಕ್, ಪ್ರಯಾಣ ಭತ್ಯೆ, ಹಾಜರಿ ಭತ್ಯೆ ಎಂದು ಒಡೆದಿದ್ದಾರೆ. ನಾನು ಬೇಸಿಕ್ ನೋಡಿ ಎಣಿಸಿದೆ.

ಪೇರೋಲ್_ಮೀನಾಕ್ಷಿ

ಅಲ್ಲೇ ತೊಂದರೆ. ಪಿಟಿಗೆ ಬೇಸಿಕ್ ಮಾತ್ರ ನೋಡುವುದಿಲ್ಲ. ನಿಯಮಿತವಾಗಿ ಕೊಡುವ ಎಲ್ಲ ಭತ್ಯೆಯೂ ಸಂಬಳದಲ್ಲಿ ಸೇರುತ್ತದೆ. ಬೇಸಿಕ್ 13,500, ಹಾಜರಿ ಭತ್ಯೆ 1,000, ಪ್ರಯಾಣ 1,000 ಪ್ರತಿ ತಿಂಗಳೂ ಇದ್ದರೆ ಅವರು 15,500ರ ನೌಕರರು. ಪಿಎಫ್ ಲೆಕ್ಕದ ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ. ದಯವಿಟ್ಟು ಇನ್ನೊಮ್ಮೆ ಎಣಿಸಿ, 60 ವರ್ಷ ದಾಟಿದವರು ಇದ್ದರೆ ಬೇರೆ ಬರೆಯಿರಿ. ಅವರಿಗೆ ಪಿಟಿ ಇಲ್ಲ.

ಕೊಪ್ಪಳ_ಸ್ಪಿನ್ನಿಂಗ್

ನಮ್ಮಲ್ಲಿ ಓವರ್‌ಟೈಮ್ ಸೇರಿಸಿದರೆ ಕೆಲವರು ಕೆಲವು ತಿಂಗಳು ಮಾತ್ರ ಮಿತಿ ದಾಟುತ್ತಾರೆ. ಅದನ್ನೂ ಸೇರಿಸಬೇಕಾ?

ಪೇರೋಲ್_ಮೀನಾಕ್ಷಿ

ಪ್ರತಿ ತಿಂಗಳೂ ಓವರ್‌ಟೈಮ್ ಇದ್ದರೆ ನಾನು ಸೇರಿಸುತ್ತೇನೆ. ಅಪರೂಪಕ್ಕೆ ಬಂದದ್ದನ್ನು ಸೇರಿಸದೇ ಇರುವವರೂ ಇದ್ದಾರೆ, ಅವರ ವಾದದಲ್ಲೂ ಹುರುಳಿದೆ. ನೀವು ಯಾವುದನ್ನು ಹಿಡಿದರೂ ಎಲ್ಲ ತಿಂಗಳಿಗೂ ಅದನ್ನೇ ಹಿಡಿಯಿರಿ.

ಲೇತ್_ಹುಬ್ಬಳ್ಳಿ

ಮತ್ತೆ ಎಣಿಸಿದೆ. 2020-21ರಲ್ಲಿ 3 ಜನ, 10 ತಿಂಗಳು: 6,000. 2021-22ರಲ್ಲಿ 4 ಜನ: 9,600. 2022-23ರಲ್ಲಿ 6 ಜನ, ಅದರಲ್ಲಿ ಒಬ್ಬರಿಗೆ ಆಗಲೇ 63 ವರ್ಷ. ಅವರನ್ನು ಬಿಟ್ಟು 5 ಜನ: 12,000. ಒಟ್ಟು 27,600.

ಬಡ್ಡಿ ಮಾತ್ರ ತಲೆಗೆ ಹೋಗುತ್ತಿಲ್ಲ. ನೋಟಿಸ್‌ನಲ್ಲಿ ಇಡೀ ವರ್ಷದ ತೆರಿಗೆಗೆ ಆ ವರ್ಷದ ಏಪ್ರಿಲ್ 1ರಿಂದಲೇ ಹಾಕಿದ ಹಾಗಿದೆ.

ರಮಾನಂದ_ನಿವೃತ್ತ

ಬಡ್ಡಿ ಯಾಕೆ ಕಟ್ಟುತ್ತೀರಿ? ಕರಸಮಾಧಾನ ಯೋಜನೆ ಬರುವವರೆಗೆ ಕಾಯಿರಿ. ಬಡ್ಡಿ, ದಂಡ ಎರಡೂ ಹೋಗುತ್ತದೆ. ನಮ್ಮ ಕಾಲದಲ್ಲಿ ಎಷ್ಟೋ ಜನ ಹಾಗೇ ಮಾಡಿದರು.

ಪೇರೋಲ್_ಮೀನಾಕ್ಷಿ

ರಮಾನಂದ ಸರ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅಂಥ ಯೋಜನೆಗಳು ಬಂದಿದ್ದವು, ವೃತ್ತಿ ತೆರಿಗೆಯನ್ನು ಸೇರಿಸಿದ್ದೂ ಉಂಟು. ಆದರೆ ಬಡ್ಡಿ, ದಂಡದ ರಿಯಾಯಿತಿ ಸಿಗಬೇಕಾದರೂ ತೆರಿಗೆಯನ್ನು ಪೂರ್ತಿ ಕಟ್ಟಲೇಬೇಕಿತ್ತು. ಯಾವ ಬಾಕಿ, ಯಾವ ದಿನಾಂಕದವರೆಗೆ ಎಂಬುದನ್ನೂ ಸರ್ಕಾರ ಪ್ರತಿ ಸಲ ಗೊತ್ತು ಮಾಡುತ್ತದೆ. ಕೈಯಲ್ಲಿ ನೋಟಿಸ್ ಇರುವಾಗ ಬರದ ಯೋಜನೆಗೆ ಕಾದರೆ ಲಕ್ಷ ರೂಪಾಯಿಯ ಅಂದಾಜು ಆದೇಶವಾಗಿ ಕೂರುತ್ತದೆ.

ಬಡ್ಡಿ ತಿಂಗಳಿಗೆ ಶೇ 1.25, ಸರಳ ಬಡ್ಡಿ. ಆಯಾ ತಿಂಗಳ ತೆರಿಗೆಗೆ ಮುಂದಿನ ತಿಂಗಳ 20 ಗಡುವು, ಬಡ್ಡಿ ಶುರುವಾಗುವುದು ಆ ಗಡುವು ದಾಟಿದ ಮೇಲೆ. 2020ರ ಜೂನ್ ತೆಗೆದುಕೊಳ್ಳಿ. ತೆರಿಗೆ 600, ಗಡುವು ಜುಲೈ 20. ಈ ಸೆಪ್ಟೆಂಬರ್ 20ರಂದು ಕಟ್ಟಿದರೆ 62 ತಿಂಗಳು. ತಿಂಗಳಿಗೆ 7.50ರಂತೆ 465 ರೂಪಾಯಿ. ಮುಂದಿನ ತಿಂಗಳಿಗೆ 61, ಹೀಗೇ ಇಳಿಯುತ್ತಾ ಬರುತ್ತದೆ. ಎಕ್ಸೆಲ್‌ನಲ್ಲಿ ತೆರಿಗೆ ಬಿ ಕಾಲಂನಲ್ಲಿ, ತಿಂಗಳು ಸಿ ಕಾಲಂನಲ್ಲಿ ಇದ್ದರೆ ಇಷ್ಟೇ:

```
=B2*C2*1.25%
```

ಲೇತ್_ಹುಬ್ಬಳ್ಳಿ

ಬಂತು ಮೇಡಂ. ಮೂರು ವರ್ಷಕ್ಕೆ ಬಡ್ಡಿ 15,067.50. ತೆರಿಗೆ ಸೇರಿ 42,667.50. ದೊಡ್ಡ ಮೊತ್ತವೇ, ಆದರೂ ನೋಟಿಸ್‌ನಲ್ಲಿದ್ದ ತೆರಿಗೆಯ ಅರ್ಧಕ್ಕಿಂತ ಕಡಿಮೆ.

ಪೇರೋಲ್_ಮೀನಾಕ್ಷಿ

ಇನ್ನೊಂದು ಕೇಳಲೇಬೇಕು. 2023ರ ಏಪ್ರಿಲ್ ಆದಮೇಲೆ 25,000 ದಾಟಿದವರು ಯಾರಾದರೂ ಇದ್ದಾರಾ?

ಲೇತ್_ಹುಬ್ಬಳ್ಳಿ

ಸೂಪರ್‌ವೈಸರ್ ಒಬ್ಬರು. ಶುರುವಿನಿಂದಲೂ 27,000. ನೋಟಿಸ್‌ನಲ್ಲಿ ಆ ವರ್ಷಗಳು ಇಲ್ಲವಲ್ಲ?

ಪೇರೋಲ್_ಮೀನಾಕ್ಷಿ

ಇಲ್ಲ, ಆದರೆ ಬಾಕಿ ಇದೆ. 2023-24ಕ್ಕೆ 2,400, 2024-25ಕ್ಕೆ 2,400, ಈ ವರ್ಷ ಏಪ್ರಿಲ್‌ನಿಂದ ತಿಂಗಳಿಗೆ 200. ಬಡ್ಡಿ ಚಿಕ್ಕದು. ಅವರು ಕೇಳುವ ಮೊದಲೇ ಇದೇ ಪಟ್ಟಿಯಲ್ಲಿ ಸೇರಿಸಿ. ದಂಡ ಕಾಯ್ದೆಯಲ್ಲಿ "ಶೇ 50ರವರೆಗೆ" ಎಂದಿದೆ, ಅಂದರೆ ಎಷ್ಟು ಎಂಬುದು ಅಧಿಕಾರಿಯ ವಿವೇಚನೆ. ಕೇಳದ ವರ್ಷವನ್ನೂ ತಾವಾಗಿ ತೋರಿಸಿದವರ ಮಾತಿಗೆ ಅಲ್ಲಿ ತೂಕ ಇರುತ್ತದೆ. ಮುಂದಿನ ಫೆಬ್ರುವರಿಯಲ್ಲಿ ಮಾತ್ರ 300 ಹಿಡಿಯಿರಿ, 2025ರ ಏಪ್ರಿಲ್‌ನಿಂದ ಆ ಬದಲಾವಣೆ ಬಂದಿದೆ.

ಪತ್ರ ಉದ್ದ ಬೇಡ. ನಾನಾದರೆ ಹೀಗೆ ಬರೆಯುತ್ತೇನೆ:

"ತಮ್ಮ ನೋಟಿಸ್‌ಗೆ ಉತ್ತರವಾಗಿ ತಿಂಗಳವಾರು ವಿವರ ಸಲ್ಲಿಸುತ್ತಿದ್ದೇವೆ. ನೋಟಿಸ್‌ನಲ್ಲಿ ಹಿಡಿದಿರುವ 14 ಜನರಲ್ಲಿ ಹೆಚ್ಚಿನವರ ಸಂಬಳ ಆಯಾ ತಿಂಗಳು 15,000 ರೂಪಾಯಿಗಿಂತ ಕಡಿಮೆ ಇತ್ತು. ಸಂಬಳದ ರಿಜಿಸ್ಟರ್ ಮತ್ತು ಬ್ಯಾಂಕ್ ವಿವರ ಲಗತ್ತಿಸಿದೆ. ನಮ್ಮ ಲೆಕ್ಕದಂತೆ ತೆರಿಗೆ 27,600 ಮತ್ತು ಅದರ ಮೇಲಿನ ಬಡ್ಡಿಯನ್ನು ಒಪ್ಪಿ ಕಟ್ಟಲು ಸಿದ್ಧರಿದ್ದೇವೆ. ನಂತರದ ವರ್ಷಗಳ ಬಾಕಿಯನ್ನೂ ಇದರಲ್ಲೇ ತೋರಿಸಿದ್ದೇವೆ. ತೆರಿಗೆ ಹಿಡಿದು ಇಟ್ಟುಕೊಂಡಿಲ್ಲ. ದಂಡ ವಿಧಿಸದಂತೆ ಕೋರುತ್ತೇವೆ. ಆದೇಶಕ್ಕೆ ಮುಂಚೆ ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಕೊಡಿ."

"ತೆರಿಗೆ ಹಿಡಿದು ಇಟ್ಟುಕೊಂಡಿಲ್ಲ" ಎಂಬ ಸಾಲು ಮುಖ್ಯ. ಹಿಡಿದು ಕಟ್ಟದೇ ಇರುವುದು, ಹಿಡಿಯದೇ ಇರುವುದು ಎರಡೂ ತಪ್ಪೇ, ಆದರೆ ಒಂದೇ ತೂಕದವಲ್ಲ. ಸಂಬಳದ ಚೀಟಿಯಲ್ಲಿ ಪಿಟಿ ಕಾಲಂ ಖಾಲಿ ಇದೆ ಎಂದು ಖಚಿತ ಮಾಡಿಕೊಂಡ ಮೇಲೆಯೇ ಈ ಸಾಲು ಹಾಕಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ.

ಬೆಳಗಾವಿ_ಅಕೌಂಟ್ಸ್

ಹಳೆಯ ಆರ್‌ಸಿ ರದ್ದಾಗಿದೆ ಅಂದರೆ ಲಾಗಿನ್ ಆಗುವುದಿಲ್ಲ. ಹೊಸ ಆರ್‌ಸಿಗೆ ಅರ್ಜಿ ಹಾಕಿ ಅದರಲ್ಲೇ ಕಟ್ಟಿಬಿಡಿ. ಒಂದೇ ದಿನದ ಕೆಲಸ.

ಪೇರೋಲ್_ಮೀನಾಕ್ಷಿ

ಆತುರ ಬೇಡ ಅಂತ ನನ್ನ ಅಭಿಪ್ರಾಯ. ನೋಟಿಸ್ ಬಂದಿರುವುದು ಹಳೆಯ ನಂಬರಿಗೆ. ಹೊಸ ನಂಬರಿನಲ್ಲಿ ದುಡ್ಡು ಕಟ್ಟಿದರೆ ಹಳೆಯದರಲ್ಲಿ ಬಾಕಿ ಹಾಗೇ ಕಾಣುತ್ತದೆ. ಮೊದಲು ಪತ್ರದಲ್ಲೇ ಕೇಳಿ: ಹಳೆಯದನ್ನೇ ಊರ್ಜಿತಗೊಳಿಸುತ್ತೀರಾ, ಹೊಸದಕ್ಕೆ ಅರ್ಜಿ ಹಾಕಬೇಕಾ, ಬಾಕಿ ಯಾವ ನಂಬರಿಗೆ ಕಟ್ಟಬೇಕು?

ಬೆಳಗಾವಿ_ಅಕೌಂಟ್ಸ್

ನಮ್ಮ ಒಬ್ಬ ಕಕ್ಷಿದಾರರಿಗೆ ಹೊಸದೇ ತೆಗೆಸಿದರು ಮೇಡಂ. ಅರ್ಜಿಯಲ್ಲಿ ಹಳೆಯ ದಿನಾಂಕದಿಂದ ಹೊಣೆ ಇದೆ ಎಂದು ತೋರಿಸಿದೆವು. ಆದರೆ ಹಳೆಯ ನಂಬರ್ ಬರೆದು ಒಂದು ಪತ್ರವನ್ನೂ ಕೊಡಬೇಕಾಯಿತು, ಅದು ನಿಜ.

ಲೇತ್_ಹುಬ್ಬಳ್ಳಿ

ಇವತ್ತು ಉತ್ತರ ಕೊಟ್ಟು ಬಂದೆ, ಮೊಹರು ಹಾಕಿಸಿಕೊಂಡೆ. ಪಟ್ಟಿ ನೋಡಿ 63 ವರ್ಷದವರ ಆಧಾರ್ ಪ್ರತಿ ಮತ್ತು ಲಾಕ್‌ಡೌನ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತರಲು ಹೇಳಿದರು. ನಂಬರ್ ವಿಷಯ ವಿಚಾರಣೆಯ ದಿನ ಹೇಳುತ್ತಾರಂತೆ. ಅಲ್ಲಿಯವರೆಗೆ ಹೊಸ ಅರ್ಜಿ ಹಾಕುವುದಿಲ್ಲ.

ಈ 27,600ನ್ನು ಈಗ ನೌಕರರಿಂದ ಹಿಡಿಯಬಹುದಾ? ಅದರಲ್ಲಿ ಇಬ್ಬರು ಕೆಲಸ ಬಿಟ್ಟಿದ್ದಾರೆ.

ಪೇರೋಲ್_ಮೀನಾಕ್ಷಿ

ಬಿಟ್ಟವರಿಂದ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಇರುವವರ ಸಂಬಳದಿಂದ ಐದು ವರ್ಷದ ಹಿಂದಿನದನ್ನು ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಕಾಯ್ದೆ ಹೇಳುವುದು ಸಂಬಳ ಕೊಡುವ ಮೊದಲು ಹಿಡಿಯಿರಿ ಎಂದು. ಬಡ್ಡಿಯಂತೂ ಅವರ ತಲೆಗೆ ಹಾಕಲೇಬೇಡಿ.

ಬೆಳಗಾವಿ_ಅಕೌಂಟ್ಸ್

ತೆರಿಗೆಯಷ್ಟನ್ನು ನೌಕರರು ಲಿಖಿತವಾಗಿ ಒಪ್ಪಿದರೆ ಹಿಡಿಯಬಹುದು ಎನ್ನುವವರು ಇದ್ದಾರೆ. ಕಾರ್ಮಿಕ ಕಾನೂನು ನೋಡುವ ವಕೀಲರನ್ನು ಒಮ್ಮೆ ಕೇಳಿ. ವಿಚಾರಣೆಯಲ್ಲಿ ದಂಡ ಎಷ್ಟಾಯಿತು ಎಂದು ಇಲ್ಲೇ ಬರೆಯಿರಿ ಸರ್, ಇನ್ನಿಬ್ಬರು ಕಕ್ಷಿದಾರರಿಗೆ ಇಂಥದ್ದೇ ನೋಟಿಸ್ ಬಂದಿದೆ.