ಸಹಾಯ ಬೇಕು: ಹೊರಗಿನಿಂದಲೂ ತೆಗೆಯಬಹುದಾದ ಬಚ್ಚಲು ಚಿಲಕ

ತುಮಕೂರಿನಲ್ಲಿ ನಮ್ಮದು ಕೂಡು ಕುಟುಂಬ, ಎಲ್ಲರಿಗೂ ಒಂದೇ ಬಚ್ಚಲು. ಬೆಳಿಗ್ಗೆ ಸುಮ್ನೆ ಬಾಗಿಲು ಬಡಿಯುವುದೇ ಕೆಲಸ! ಒಳಗೆ ಚಿಲಕ ಹಾಕಿದರೆ ಹೊರಗೆ ಕೆಂಪು, ತೆಗೆದರೆ ಹಸಿರು ತೋರಿಸುವ ಬೋಲ್ಟ್ ಬೇಕು. ಅಜ್ಜಿಗೆ ಆಗಾಗ ತಲೆಸುತ್ತು. ಹಾಗಾಗಿ ಹೊರಗಿನ ಸೀಳಿಗೆ ನಾಣ್ಯ ಇಟ್ಟು ತಿರುಗಿಸಿದರೆ ತೆರೆಯುವಂತಿರಬೇಕು.

ನಮ್ಮದು ಪಿವಿಸಿ ಬಾಗಿಲು, ಒಳಗೆ ಟೊಳ್ಳು. ಬರೀ ಸ್ಕ್ರೂ ಹಾಕಿದರೆ ಸ್ವಲ್ಪ ದಿನಕ್ಕೇ ಸಡಿಲವಾಗುತ್ತದೆ. ಈಚೆಯಿಂದ ಆಚೆಗೆ ಬೋಲ್ಟು-ನಟ್ಟು ಹಾಕಿ ಬಿಗಿಸುವ ಮಾದರಿ ಎಲ್ಲಿ ಸಿಗುತ್ತದೆ? ಅಂಗಡಿಯಲ್ಲಿ ನೋಡಿದ್ದರ ನಡುವಿನ ಕಡ್ಡಿ ದಪ್ಪ ಮರದ ಬಾಗಿಲಿಗೆ ಅಂತ ಉದ್ದವಿದೆ. ಕತ್ತರಿಸಿ ಕೂರಿಸಬಹುದಾ?

ಇನ್ನೊಂದು, ಬಾಗಿಲು ಒಳಕ್ಕೆ ತೆರೆಯುತ್ತದೆ. ಬಿದ್ದವರು ಅಡ್ಡವಿದ್ದರೆ ಚಿಲಕ ತೆಗೆದರೂ ಪ್ರಯೋಜನವಿಲ್ಲ, ಅಲ್ವಾ? ಚೌಕಟ್ಟು ಕೀಳದೆ ಹೊರಕ್ಕೆ ತೆರೆಯುವಂತೆ ಮಾಡಿಸಿದವರಿದ್ದರೆ ತಿಳಿಸಿ.