ಪದಚರ್ಚೆ: ಬಫರ್ pH ಬದಲಾವಣೆಯನ್ನು ‘ತಡೆಯುತ್ತದೆ’ಯೋ, ‘ತಡೆದುಕೊಳ್ಳುತ್ತದೆ’ಯೋ?

ಸುಮಾ:
ಎಲ್ಲರಿಗೂ ನಮಸ್ಕಾರ. ಮೊದಲ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ರಸಾಯನಶಾಸ್ತ್ರದ ಕೆಲವು ಪಾಠಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಬಫರ್ ದ್ರಾವಣದ ಬಗ್ಗೆ ‘ಆಮ್ಲ ಹಾಕಿದರೂ ಪ್ರತ್ಯಾಮ್ಲ ಹಾಕಿದರೂ pH ಬದಲಾಗದಂತೆ ತಡೆಯುತ್ತದೆ’ ಅಂತ ಬರೆದಿದ್ದೆ. ಒಬ್ಬ ಹುಡುಗಿ ಓದಿ ಕೇಳಿದಳು: ‘ಮೇಡಂ, ತಡೆಯುತ್ತದೆ ಅಂದರೆ ಹೇಗೆ? ಹಾಕಿದ ಆಮ್ಲ ಎಲ್ಲಿಗೆ ಹೋಗುತ್ತೆ? ಅದರೊಳಗೆ ಆಮ್ಲವೂ ಇದೆ, ಪ್ರತ್ಯಾಮ್ಲವೂ ಇದೆ ಅಂತೀರಿ, ಅವೆರಡೂ ಒಂದನ್ನೊಂದು ಮುಗಿಸಿಬಿಡಲ್ವಾ?’

ನನಗೆ ಬೇಕಾದದ್ದು ಎರಡು. ಇಲ್ಲಿ ಸರಿಯಾದ ಕ್ರಿಯಾಪದ ಯಾವುದು? ಆ ಹುಡುಗಿಗೆ ಸಮೀಕರಣ ತೋರಿಸಿ ಬಾಯಿ ಮುಚ್ಚಿಸದೆ ಹೇಗೆ ಹೇಳಲಿ?

ರವಿ:
ಇದಕ್ಕೆ ನಾವು ‘ತಾತ್ಕಾಲಿಕ ಸಂಗ್ರಹ’ ಅಂತ ಬಳಸುತ್ತೇವೆ ಮೇಡಂ. ವಿಡಿಯೊ ನೋಡುವಾಗ ನೆಟ್ ನಿಧಾನವಾದರೂ ಚಿತ್ರ ನಿಲ್ಲಬಾರದು ಅಂತ ಮುಂದಿನ ಭಾಗವನ್ನು ಮೊದಲೇ ತಂದಿಟ್ಟುಕೊಳ್ಳುತ್ತದಲ್ಲ, ಅದೇ ಬಫರ್. ‘ಬಫರ್ ಆಗ್ತಾ ಇದೆ’ ಅಂತ ಜನ ಮಾತಾಡುವುದು ಮಾತ್ರ ತಲೆಕೆಳಗು, ಬಫರ್ ಖಾಲಿಯಾದಾಗಲೇ ಹಾಗನ್ನುವುದು.

ಮಂಜುನಾಥ:
ರವಿ, ಅವರು ಕೇಳಿದ್ದು ಕೆಮಿಸ್ಟ್ರಿ ಬಫರ್. ಸುಮಾ ಅವರೇ, ಇದು ಬಹಳ ಸುಲಭ. ಆಮ್ಲ ಬಂದರೆ ಒಳಗಿರುವ ಪ್ರತ್ಯಾಮ್ಲ ಅದನ್ನು ಹಿಡಿದು ತಟಸ್ಥ ಮಾಡುತ್ತದೆ. ಪ್ರತ್ಯಾಮ್ಲ ಬಂದರೆ ಒಳಗಿರುವ ಆಮ್ಲ ಆ ಕೆಲಸ ಮಾಡುತ್ತದೆ. ಹಾಗಾಗಿ pH 7ರಲ್ಲೇ ನಿಲ್ಲುತ್ತದೆ. ‘ತಟಸ್ಥಕ’ ಅನ್ನಿ, ಮುಗೀತು.

ಗಿರಿಜಾ:
ಮಂಜುನಾಥ್, ಮೊದಲ ಅರ್ಧ ಸರಿ. 7 ಅನ್ನುವುದು ಎಲ್ಲಿಂದ ಬಂತು? ಬಫರ್ ಯಾವ pHನಲ್ಲಿ ನಿಲ್ಲುತ್ತದೆ ಅನ್ನುವುದು ಒಳಗಿರುವ ಜೋಡಿಯ ಮೇಲೆ ಹೋಗುತ್ತದೆ. ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ಸಮ ಸಮ ಬೆರೆಸಿದರೆ ಸಿಗುವುದು 4.76. ಅದು ಚೆನ್ನಾಗಿಯೇ ಹುಳಿ. ‘ತಟಸ್ಥಕ’ ಅಂತ ಬರೆದರೆ ಮಕ್ಕಳು ಇದೇ ತಪ್ಪನ್ನು ಪರೀಕ್ಷೆವರೆಗೂ ಹೊತ್ತುಕೊಂಡು ಹೋಗುತ್ತಾರೆ.

ಆ ಹುಡುಗಿಯ ಪ್ರಶ್ನೆ ಇದೆಯಲ್ಲ, ಒಂದನ್ನೊಂದು ಮುಗಿಸಿಬಿಡಲ್ವಾ ಅನ್ನುವುದು, ಇಡೀ ವಿಷಯ ಅಲ್ಲೇ ಇದೆ. ಅಸಿಟಿಕ್ ಆಮ್ಲದ ಒಂದು ಅಣು ತನ್ನ H⁺ ಅನ್ನು ಪಕ್ಕದ ಅಸಿಟೇಟಿಗೆ ಕೊಟ್ಟಿತು ಅನ್ನಿ. ಕೊಟ್ಟದ್ದು ಅಸಿಟೇಟ್ ಆಯಿತು, ತೆಗೆದುಕೊಂಡದ್ದು ಅಸಿಟಿಕ್ ಆಮ್ಲ ಆಯಿತು. ಮೊದಲೂ ಒಂದೊಂದು ಇತ್ತು, ಈಗಲೂ ಒಂದೊಂದೇ ಇದೆ. ಈ ಕೊಡುವುದು ತೆಗೆದುಕೊಳ್ಳುವುದು ದ್ರಾವಣದೊಳಗೆ ಸದಾ ನಡೆಯುತ್ತಿರುತ್ತದೆ, ಲೆಕ್ಕ ಮಾತ್ರ ಬದಲಾಗುವುದಿಲ್ಲ. ಅವು ಒಂದೇ ವಸ್ತುವಿನ ಎರಡು ರೂಪ, H⁺ ಇರುವ ರೂಪ ಮತ್ತು ಇಲ್ಲದ ರೂಪ. ಯಾವುದೋ ಆಮ್ಲ ಮತ್ತು ಯಾವುದೋ ಪ್ರತ್ಯಾಮ್ಲ ಸೇರಿಸಿದರೆ ಬಫರ್ ಆಗುವುದಿಲ್ಲ ಅನ್ನುವುದೂ ಇದರಿಂದಲೇ ತಿಳಿಯುತ್ತದೆ.

ಈಗ ಹಾಕಿದ ಆಮ್ಲ ಎಲ್ಲಿಗೆ ಹೋಯಿತು ನೋಡೋಣ. ಎರಡೂ 0.1 ಮೋಲಾರ್ ಇರುವ 100 ಮಿ.ಲೀ. ಬಫರ್ ತೆಗೆದುಕೊಳ್ಳಿ. ಅದರಲ್ಲಿ 10 ಮಿಲಿಮೋಲ್ ಆಮ್ಲ, 10 ಮಿಲಿಮೋಲ್ ಅಸಿಟೇಟ್. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಹಾಕಿ, ಅಂದರೆ 1 ಮಿಲಿಮೋಲ್ H⁺.

CH₃COO⁻ + H⁺ ⇌ CH₃COOH

ಅಸಿಟೇಟ್ 10ರಿಂದ 9ಕ್ಕೆ ಇಳಿಯಿತು, ಆಮ್ಲ 11ಕ್ಕೆ ಏರಿತು. pH 4.76 ಇದ್ದದ್ದು 4.67 ಆಯಿತು. ಇದೇ 1 ಮಿ.ಲೀ.ಯನ್ನು 100 ಮಿ.ಲೀ. ಬರೀ ನೀರಿಗೆ ಹಾಕಿದ್ದರೆ pH 7ರಿಂದ ನೇರ 2ಕ್ಕೆ ಬೀಳುತ್ತಿತ್ತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಫರಿನಲ್ಲಿ ಆಮ್ಲ ಹಾಕುವ ಮೊದಲು ಬಿಡಿಯಾಗಿ ಓಡಾಡುತ್ತಿದ್ದ H⁺ ಎಷ್ಟು? ಸುಮಾರು 0.0017 ಮಿಲಿಮೋಲ್. ಹಾಕಿದ ಮೇಲೆ ಸುಮಾರು 0.0021. ನಾವು ಸುರಿದದ್ದು ಇಡೀ 1 ಮಿಲಿಮೋಲ್! ಹತ್ತು ಸಾವಿರ H⁺ ಹಾಕಿದರೆ ನಾಲ್ಕು ಮಾತ್ರ ಬಿಡಿಯಾಗಿ ಉಳಿದವು, ಮಿಕ್ಕವೆಲ್ಲ ಅಸಿಟೇಟಿನ ಮೇಲೆ ಹೋಗಿ ಕೂತವು. pH ಅಳೆಯುವುದು ಬಿಡಿ H⁺ ಮಾತ್ರ, ಅಸಿಟಿಕ್ ಆಮ್ಲದೊಳಗೆ ಸೇರಿಕೊಂಡದ್ದು pH ಮೀಟರಿನ ಕಣ್ಣಿಗೆ ಬೀಳುವುದಿಲ್ಲ. ಆಮ್ಲ ಎಲ್ಲಿಗೂ ಹೋಗಿಲ್ಲ, ಒಳಗೇ ಇದೆ, ಬೇರೆ ರೂಪದಲ್ಲಿ.

ಆ ನಾಲ್ಕಾದರೂ ಯಾಕೆ ಉಳಿದವು ಅಂದರೆ, ಬಿಡಿ H⁺ ಎಷ್ಟಿರಬೇಕು ಅಂತ ನಿರ್ಧರಿಸುವುದು ಆಮ್ಲ ಮತ್ತು ಅಸಿಟೇಟಿನ ಅನುಪಾತ. ಅದು 10ಕ್ಕೆ 10 ಇದ್ದದ್ದು 11ಕ್ಕೆ 9 ಆಗಿದೆ, ಸ್ವಲ್ಪ ವಾಲಿದೆ. ಆ ವಾಲಿದಷ್ಟೇ pH ಕೂಡ ಸರಿಯುತ್ತದೆ. ಅದಕ್ಕೇ ‘ಬದಲಾಗದಂತೆ ತಡೆಯುತ್ತದೆ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬದಲಾಗುತ್ತದೆ, ಕಡಿಮೆ ಬದಲಾಗುತ್ತದೆ. ‘ತಡೆದುಕೊಳ್ಳುತ್ತದೆ’ ವಾಸಿ: ಹೊಡೆತ ಒಳಗೆ ಬಂದಿದೆ, ತಾಳಿಕೊಂಡಿದೆ, ಒಂದು ಮಿತಿಯವರೆಗೆ.

ರವಿ, ಮೊದಲೇ ಕೂಡಿಟ್ಟ ದಾಸ್ತಾನು ಅನ್ನುವ ನಿಮ್ಮ ಅರ್ಥ ಅಷ್ಟು ದೂರದ್ದೇನಲ್ಲ. ಆದರೆ ರಸಾಯನಶಾಸ್ತ್ರಕ್ಕೆ ಈ ಪದ ಬಂದದ್ದು ಕಂಪ್ಯೂಟರಿಗಿಂತ ಬಹಳ ಮೊದಲು. 1900ರಲ್ಲಿ ಫ್ರಾನ್ಸಿನ ಫರ್ನ್‌ಬಾಕ್ ಮತ್ತು ಯೂಬೇರ್ ಅನ್ನುವವರು ಮಾಲ್ಟಿನ ಕಿಣ್ವದ ಕೆಲಸ ಮಾಡುವಾಗ ಫಾಸ್ಫೇಟ್‌ಗಳಲ್ಲಿ ಈ ಗುಣ ಕಂಡು ಅದನ್ನು ‘ತಾಂಪೊಂ’ ಅಂತ ಕರೆದರು. ರೈಲು ಡಬ್ಬಿಗಳ ತುದಿಯಲ್ಲಿ ಡಿಕ್ಕಿಯ ಪೆಟ್ಟು ತಾಳಲು ಇರುವ ಬಫರಿಗೂ ಫ್ರೆಂಚ್‌ನಲ್ಲಿ ಅದೇ ಹೆಸರು. 1909ರಲ್ಲಿ pH ಅಳತೆಯನ್ನು ತಂದ ಕೋಪನ್‌ಹೇಗನ್ನಿನ ಸೋರೆನ್‌ಸೆನ್ ಜರ್ಮನ್‌ನಲ್ಲಿ ‘ಪುಫರ್’ ಅಂದರು. ಆದರೆ ರೈಲಿನ ಬಫರ್ ಒತ್ತಡ ಹೋದ ಮೇಲೆ ಸ್ಪ್ರಿಂಗಿನ ಬಲದಿಂದ ಮೊದಲಿನಂತಾಗುತ್ತದೆ, ನಮ್ಮದು ಹಾಗಲ್ಲ. ಖರ್ಚಾದ ಅಸಿಟೇಟ್ ತಾನಾಗಿ ವಾಪಸ್ ಬರುವುದಿಲ್ಲ.

ವೆಂಕಟೇಶ:
ನಾನು ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. pH ಮೀಟರ್ ಸರಿಹೊಂದಿಸಲು 4, 7, 9.2ರ ಬಫರ್ ಮಾತ್ರೆ ಬರುತ್ತವಲ್ಲ, ಒಂದು ಮಾತ್ರೆಯನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಹಾಕಿ ಕರಗಿಸುತ್ತೇವೆ. ನಮ್ಮ ಹುಡುಗರು ಎಲೆಕ್ಟ್ರೋಡ್ ತೊಳೆದ ನೀರು ಒಂದಿಷ್ಟು ಅದರೊಳಗೇ ಬೀಳಿಸುತ್ತಾರೆ. ಆದರೂ ರೀಡಿಂಗ್ ಅಷ್ಟೇ ಬರುತ್ತದೆ. ಆದರೆ 9.2ರ ಬಾಟಲಿ ಮುಚ್ಚಳ ಸಡಿಲ ಬಿಟ್ಟರೆ ಕೆಲವು ದಿನಕ್ಕೆ ಇಳಿದಿರುತ್ತದೆ. 4ರದ್ದು ಹಾಗೆ ಇಳಿಯಲ್ಲ. ಬಫರ್ ತಡೆದುಕೊಳ್ಳುವುದಾದರೆ ಇದ್ಯಾಕೆ ಹೀಗೆ?

ಇನ್ನೊಂದು. ಬೀಕರಿನಲ್ಲಿ ಬರೀ ಡಿಸ್ಟಿಲ್ಡ್ ನೀರು ಇಟ್ಟು pH ನೋಡಿದರೆ 7 ಬರುವುದೇ ಇಲ್ಲ, 6ರ ಕೆಳಗೆ ಹೋಗಿ ಅಲ್ಲಿ ಇಲ್ಲಿ ಓಡಾಡುತ್ತಿರುತ್ತದೆ. ಹುಡುಗರು ಮೀಟರ್ ಕೆಟ್ಟಿದೆ ಅಂತ ದೂರು ಹೇಳುತ್ತಾರೆ.

ಗಿರಿಜಾ:
ಮೀಟರ್ ಕೆಟ್ಟಿಲ್ಲ ವೆಂಕಟೇಶ್. ಗಾಳಿಯ ಕಾರ್ಬನ್ ಡೈಆಕ್ಸೈಡ್ ಚೂರು ಕರಗಿದರೆ ಸಾಕು, ನೀರಲ್ಲಿ ಅದರ H⁺ ಹಿಡಿಯುವವರು ಯಾರೂ ಇಲ್ಲ, pH 5.6ರ ಆಸುಪಾಸಿಗೆ ಇಳಿಯುತ್ತದೆ. ಬಫರ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಬೇಕಿಲ್ಲ.

9.2ರ ಬಾಟಲಿಗೆ ಹೋಗುವುದೂ ಅದೇ ಗಾಳಿ. ಪ್ರತ್ಯಾಮ್ಲದ ಕಡೆಗಿರುವ ದ್ರಾವಣ ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಅಂದರೆ ದಿನವೂ ಸ್ವಲ್ಪ ಸ್ವಲ್ಪ ಆಮ್ಲ ಹಾಕಿದಂತೆ. 4ರದ್ದು ಮೊದಲೇ ಆಮ್ಲ, ಆ ಅನಿಲ ಅಲ್ಲಿ ಹೋಗಿ H⁺ ಬಿಡುವುದು ಬಹಳ ಕಡಿಮೆ.

ನೀರು ಬಿದ್ದರೂ ರೀಡಿಂಗ್ ಅಷ್ಟೇ ಇರುವುದಕ್ಕೆ ಕಾರಣ ಅನುಪಾತ. ನೀರು ಎರಡನ್ನೂ ಸಮವಾಗಿ ತೆಳು ಮಾಡುತ್ತದೆ.

ಸುಮಾ:
ಹಾಗಾದರೆ ಎಷ್ಟು ನೀರು ಹಾಕಿದರೂ ಅದು ಅಷ್ಟೇ ಒಳ್ಳೆಯ ಬಫರಾ?

ಗಿರಿಜಾ:
ಇಲ್ಲ, ಎಡವುವುದು ಇಲ್ಲೇ. pH ಅಲ್ಲೇ ಇರುತ್ತದೆ, ದಾಸ್ತಾನು ಹೋಗಿರುತ್ತದೆ. ಮೇಲಿನ ಬಫರನ್ನೇ ಹತ್ತು ಪಟ್ಟು ತೆಳು ಮಾಡಿ 100 ಮಿ.ಲೀ. ತೆಗೆದುಕೊಳ್ಳಿ. pH ಹೆಚ್ಚುಕಡಿಮೆ ಅದೇ 4.76. ಆದರೆ ಈಗ ಒಳಗಿರುವ ಅಸಿಟೇಟ್ 1 ಮಿಲಿಮೋಲ್ ಮಾತ್ರ. ಅದೇ 1 ಮಿ.ಲೀ. ಆಮ್ಲ ಹಾಕಿದರೆ ಅಷ್ಟೂ ಅಸಿಟೇಟ್ ಖಾಲಿ, pH 3.2ಕ್ಕೆ ಬರುತ್ತದೆ. ಆಮ್ಲ ಹಾಕುವ ಮೊದಲು ಎರಡು ಬೀಕರುಗಳನ್ನು ಮೀಟರ್ ಒಂದೇ ಅನ್ನುತ್ತದೆ, ಹಾಕಿದ ಮೇಲೇ ಬಣ್ಣ ಬಯಲಾಗುವುದು.

ಗಟ್ಟಿ ಬಫರಿಗೂ ಕೊನೆಯಿದೆ. ಮೊದಲಿನ ಬೀಕರಿಗೇ ಆಮ್ಲ ಹಾಕುತ್ತಾ ಹೋಗಿ. 5 ಮಿ.ಲೀ. ಆದಾಗ 4.28. 9 ಆದಾಗ 3.48. 10ಕ್ಕೆ ಅಸಿಟೇಟ್ ಮುಗಿಯುತ್ತದೆ, 11ಕ್ಕೆ ಹೋದರೆ 2.05. ಮೊದಲ ಐದು ಮಿ.ಲೀ.ಗೆ ಅರ್ಧ ಅಂಕಿ ಇಳಿದದ್ದು ಕೊನೆಯ ಎರಡೇ ಮಿ.ಲೀ.ಗೆ ಒಂದೂವರೆಯಷ್ಟು ಬೀಳುತ್ತದೆ. ಮಕ್ಕಳ ಕೈಯಲ್ಲೇ ಹನಿ ಹಾಕಿಸಿ ಗ್ರಾಫ್ ಬರೆಸಿ, ಎಲ್ಲಿ ಮುರಿಯಿತು ಅಂತ ಅವರೇ ತೋರಿಸುತ್ತಾರೆ.

ಮಂಜುನಾಥ:
7ರ ವಿಷಯ ಬಿಡಿ, ಒಪ್ಪಿದೆ. ಆದರೆ ಒಂದು ಲೆಕ್ಕ ನನ್ನದೂ ಇದೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 100 ಮಿ.ಲೀ., pH 1. ಅದಕ್ಕೆ ನಿಮ್ಮ ಅದೇ 1 ಮಿ.ಲೀ. ಹಾಕಿದರೆ 0.96. ಬದಲಾದದ್ದು 0.04 ಮಾತ್ರ, ನಿಮ್ಮ ಅಸಿಟೇಟ್ ಬಫರಿಗಿಂತಲೂ ಕಡಿಮೆ! ಇಲ್ಲಿ ಜೋಡಿಯೂ ಇಲ್ಲ, ಕ್ಲೋರೈಡ್ H⁺ ಅನ್ನು ಹಿಡಿಯುವುದೂ ಇಲ್ಲ. ಇದೂ ಬಫರೇನಾ?

ಗಿರಿಜಾ:
ಲೆಕ್ಕ ಸರಿಯಿದೆ. ಆದರೆ ಇಲ್ಲಿ ಹಾಕಿದ H⁺ ಅನ್ನು ಯಾರೂ ಹಿಡಿದಿಲ್ಲ, ಅಷ್ಟೂ ಬಿಡಿಯಾಗೇ ಉಳಿದಿದೆ. ಮೊದಲೇ 10 ಮಿಲಿಮೋಲ್ ಬಿಡಿ H⁺ ಇದ್ದಲ್ಲಿಗೆ ಇನ್ನೊಂದು ಬಂದರೆ ಲಾಗರಿದಮ್ ಅಳತೆಯಲ್ಲಿ ಅದು ಕಾಣುವುದಿಲ್ಲ ಅಷ್ಟೇ. ಪರಿಣಾಮ ಒಂದೇ, ಕಾರಣ ಬೇರೆ. ಕೆಲವರು ಇದನ್ನೂ ಬಫರ್ ಎನ್ನುತ್ತಾರೆ, ಜೋಡಿ ಇದ್ದರೆ ಮಾತ್ರ ಬಫರ್ ಅನ್ನುವವರೂ ಇದ್ದಾರೆ. ನಾನು ಎರಡನೆಯ ಗುಂಪು. ನೀವು ಜಗಳಕ್ಕೆ ನಿಂತರೆ ನನ್ನ ಹತ್ತಿರ ಗಟ್ಟಿ ಉತ್ತರವೇನೂ ಇಲ್ಲ.

ಸುಮಾ:
ಹೀಗೆ ತಿದ್ದಿದ್ದೇನೆ, ನೋಡಿ:

‘ಬಫರ್ ದ್ರಾವಣದಲ್ಲಿ ಒಂದು ದುರ್ಬಲ ಆಮ್ಲ ಮತ್ತು H⁺ ಕಳೆದುಕೊಂಡ ಅದರದೇ ರೂಪ ಎರಡೂ ಸಾಕಷ್ಟು ಇರುತ್ತವೆ. ಹೊರಗಿನಿಂದ ಬಂದ H⁺ ಬಹುಪಾಲು ಎರಡನೆಯದರ ಜೊತೆ ಸೇರಿಕೊಳ್ಳುತ್ತದೆ, ಬಿಡಿಯಾಗಿ ಉಳಿಯುವುದು ಬಹಳ ಕಡಿಮೆ. ಪ್ರತ್ಯಾಮ್ಲ ಬಂದರೆ ಆಮ್ಲ ತನ್ನ H⁺ ಬಿಟ್ಟುಕೊಡುತ್ತದೆ. ಹೀಗೆ ಬಫರ್, ಎರಡೂ ರೂಪಗಳ ದಾಸ್ತಾನು ಇರುವವರೆಗೆ, pH ಬದಲಾವಣೆಯನ್ನು ತಡೆದುಕೊಳ್ಳುತ್ತದೆ.’

ವೆಂಕಟೇಶ:
ಚೆನ್ನಾಗಿದೆ ಮೇಡಂ. ‘ತಡೆದುಕೊಳ್ಳುತ್ತದೆ’ ಮಾತ್ರ ನಮ್ಮ ಕಡೆ ಹುಡುಗರಿಗೆ ನೋವು ತಡೆದುಕೊಂಡಂತೆ ಕೇಳಿಸುತ್ತದೆ. ‘ತಾಳಿಕೊಳ್ಳುತ್ತದೆ’ ಆದೀತಾ?

ಮಂಜುನಾಥ:
ಅದೂ ನೋವೇ.